ಪ್ರಾಯೋಜಿತ ಲೇಖನಕ್ಕೆ ಎಷ್ಟು ಕೇಳಬೇಕು, ಅತಿಥಿ ಲೇಖನಕ್ಕೆ ಹೇಗೆ ಕೇಳಬೇಕು?

ತಾರಸಿತೋಟ (ಮೈಸೂರು)

ಎಲ್ಲರಿಗೂ ನಮಸ್ಕಾರ. ತಾರಸಿಯ ಮೇಲೆ ತರಕಾರಿ ಮತ್ತು ಹಣ್ಣಿನ ಗಿಡಗಳನ್ನು ಬೆಳೆಸುವುದರ ಕುರಿತು ನಾನು ಕನ್ನಡದಲ್ಲಿ ಒಂದು ಬ್ಲಾಗ್ ನಡೆಸುತ್ತಿದ್ದೇನೆ. ತಿಂಗಳಿಗೆ ಸುಮಾರು 9,000 ಪುಟವೀಕ್ಷಣೆಗಳಿವೆ. ಕಳೆದ ವಾರ ಸಾವಯವ ಗೊಬ್ಬರ ಮಾರುವ ಒಂದು ಕಂಪನಿಯ ಪರವಾಗಿ ಮಧ್ಯವರ್ತಿಯೊಬ್ಬರಿಂದ ಮಿಂಚಂಚೆ ಬಂದಿದೆ. ಲೇಖನವನ್ನು ಅವರೇ ಬರೆದು ಕಳುಹಿಸುತ್ತಾರಂತೆ. ಅದರಲ್ಲಿ ಅವರ ಅಂಗಡಿಗೆ ಎರಡು ಲಿಂಕ್‌ಗಳಿರಬೇಕು, ಎರಡೂ ಡುಫಾಲೋ, ಅಂದರೆ ಹುಡುಕಾಟದಲ್ಲಿ ಅವರ ಅಂಗಡಿಗೆ ಬಲ ಕೊಡುವಂಥವು, ಆಗಿರಬೇಕು, ಲೇಖನ ಶಾಶ್ವತವಾಗಿ ಉಳಿಯಬೇಕು, ‘ಪ್ರಾಯೋಜಿತ’ ಎಂಬ ಪದ ಎಲ್ಲಿಯೂ ಕಾಣಬಾರದು ಎಂಬುದು ಅವರ ಷರತ್ತು. ಇಷ್ಟಕ್ಕೆ 1,500 ರೂಪಾಯಿ ಕೊಡುವುದಾಗಿ ಹೇಳಿದ್ದಾರೆ.

ಈ ಮೊತ್ತ ನ್ಯಾಯವಾದುದೇ, ಅಲ್ಲವಾದರೆ ನಾನು ಯಾವ ಲೆಕ್ಕದ ಮೇಲೆ ದರ ಹೇಳಬೇಕು ಎಂಬುದು ನನ್ನ ಮೊದಲ ಪ್ರಶ್ನೆ. ಎರಡನೆಯದು ಇದಕ್ಕೆ ವಿರುದ್ಧ ದಿಕ್ಕಿನದು. ನನಗಿಂತ ಬಹಳ ಹೆಚ್ಚು ಓದುಗರಿರುವ ಒಂದು ಕೃಷಿ ಬ್ಲಾಗ್‌ಗೆ ಅತಿಥಿ ಲೇಖನ ಬರೆಯಬೇಕೆಂಬ ಆಸೆ ನನಗಿದೆ. ಅವರಿಗೆ ಏನೆಂದು ಬರೆದು ಕೇಳಬೇಕು?

ಕೀಲಿಮಣೆ (ಉಡುಪಿ)

ಲೆಕ್ಕ ಸರಳವಾಗಿದೆ. ನಿಮ್ಮ ಬ್ಲಾಗ್‌ನ ಡೊಮೇನ್ ಅಥಾರಿಟಿ, ಅಂದರೆ ಅದು ಹುಡುಕಾಟದಲ್ಲಿ ಎಷ್ಟು ಮೇಲೆ ಬರಬಹುದೆಂಬ ಅಂದಾಜಿನ ಅಂಕ, ಎಷ್ಟಿದೆಯೆಂದು ನೋಡಿ, ಅದನ್ನು ನೂರರಿಂದ ಗುಣಿಸಿ. 22 ಇದ್ದರೆ 2,200 ರೂಪಾಯಿ ಕೇಳಬಹುದು. ಈ ವ್ಯವಹಾರದಲ್ಲಿರುವವರು ಹೀಗೆಯೇ ದರ ಹೇಳುತ್ತಾರೆ. ಲಿಂಕ್ ಮಾತ್ರ ಡುಫಾಲೋ ಆಗಿರಲೇಬೇಕು, ಏಕೆಂದರೆ ಆ ಬಲ ಕೊಡದ ನೋಫಾಲೋ ಲಿಂಕ್‌ಗೆ ಯಾರೂ ಹಣ ಕೊಡುವುದಿಲ್ಲ. ಇನ್ನು ಗೂಗಲ್‌ನ ವಿಷಯಕ್ಕೆ ಬಂದರೆ, ಹಣ ಪಡೆದು ಲಿಂಕ್ ಹಾಕುವುದನ್ನು ಅದು ಒಪ್ಪುವುದಿಲ್ಲ ಎಂಬುದು ನಿಜ. ಆದರೆ ಒಂದೆರಡು ಲೇಖನಗಳಿಗೆ ಏನೂ ಆಗುವುದಿಲ್ಲ.

ಹಳೆಯ ಓದುಗ (ಶಿವಮೊಗ್ಗ)

ಕೀಲಿಮಣೆ ಅವರ ಮಾತಿನಲ್ಲಿ ಅರ್ಧ ಸರಿಯಿದೆ. ಮಧ್ಯವರ್ತಿಗಳು ಡೊಮೇನ್ ಅಥಾರಿಟಿಯನ್ನು ನೋಡಿಯೇ ದರ ಹೇಳುತ್ತಾರೆ ಎಂಬುದು ನಿಜ. ಆದರೆ ಆ ಸಂಖ್ಯೆ ಮಾಜ್ ಎಂಬ ಖಾಸಗಿ ಕಂಪನಿಯ ಅಂದಾಜು. ನೂರರವರೆಗಿನ ಆ ಅಳತೆಯನ್ನು ಗೂಗಲ್ ತನ್ನ ಹುಡುಕಾಟದಲ್ಲಿ ಬಳಸುವುದಿಲ್ಲ. ಅಗ್ಗದ ಲಿಂಕ್‌ಗಳನ್ನು ರಾಶಿ ಹಾಕಿ ಆ ಸಂಖ್ಯೆಯನ್ನು ಏರಿಸಿಕೊಂಡು, ಓದುಗರೇ ಇಲ್ಲದೆ ನಿಂತಿರುವ ಬ್ಲಾಗ್‌ಗಳು ಬೇಕಾದಷ್ಟಿವೆ. ಆ ಲೆಕ್ಕದಲ್ಲಿ ಅಂಥ ಬ್ಲಾಗ್‌ಗೆ ನಿಮಗಿಂತ ಹೆಚ್ಚು ಬೆಲೆ ಬರುತ್ತದೆ. ನಿಜವಾಗಿ ಗಿಡ ಬೆಳೆಸುವವರು ಓದುವ ನಿಮ್ಮ ಪುಟ ಅದೇ ಲೆಕ್ಕದಲ್ಲಿ ಕೆಳಗಿಳಿಯುತ್ತದೆ.

ದರಕ್ಕಿಂತ ಮೊದಲು ಲಿಂಕ್‌ನ ವಿಷಯವನ್ನು ಇತ್ಯರ್ಥ ಮಾಡಿಕೊಳ್ಳಬೇಕು, ಏಕೆಂದರೆ ನೀವು ಮಾರುತ್ತಿರುವುದು ಏನನ್ನು ಎಂಬುದು ಅದರ ಮೇಲೆಯೇ ನಿಂತಿದೆ. ಪ್ರಾಯೋಜಿತ ಲೇಖನವನ್ನು ಗೂಗಲ್ ನಿಷೇಧಿಸಿಲ್ಲ. ಹಣ ಪಡೆದು ಹಾಕಿದ ಲಿಂಕ್, ಹುಡುಕಾಟದ ಫಲಿತಾಂಶದಲ್ಲಿ ಆ ಕಂಪನಿಯನ್ನು ಮೇಲಕ್ಕೆತ್ತುವಂತೆ ಕೆಲಸ ಮಾಡಬಾರದು ಎಂಬುದಷ್ಟೇ ಅದರ ನಿಯಮ. ಇದಕ್ಕಾಗಿ 2005ರಿಂದ ನೋಫಾಲೋ ಗುರುತು ಇತ್ತು. 2019ರ ಸೆಪ್ಟೆಂಬರ್‌ನಲ್ಲಿ ಹಣದ ಸಂಬಂಧವಿರುವ ಲಿಂಕ್‌ಗಳಿಗೆಂದೇ ಇನ್ನೊಂದು ಗುರುತು ಬಂದಿತು. ನಿಮ್ಮ ಬ್ಲಾಗ್‌ನ ಎಚ್‌ಟಿಎಂಎಲ್ ನೋಟಕ್ಕೆ ಹೋಗಿ ಲಿಂಕನ್ನು ಹೀಗೆ ಬರೆದರೆ ಸಾಕು:

```html
<a href="https://example.com/" rel="sponsored">ಅಂಗಡಿಯ ಹೆಸರು</a>
```

ಓದುಗರಿಗೆ ಇದರಿಂದ ಯಾವ ವ್ಯತ್ಯಾಸವೂ ಆಗುವುದಿಲ್ಲ. ಅವರು ಲಿಂಕನ್ನು ಒತ್ತಿ ಅಂಗಡಿಗೆ ಹೋಗಬಹುದು. ಈ ಗುರುತನ್ನು ಹಾಕುತ್ತೇನೆಂದ ಕೂಡಲೇ ಮಧ್ಯವರ್ತಿ ಹಿಂದೆ ಸರಿದರೆ, ಅವರಿಗೆ ನಿಮ್ಮ ಓದುಗರು ಬೇಕಾಗಿರಲಿಲ್ಲ, ಲಿಂಕ್ ಮಾತ್ರ ಬೇಕಾಗಿತ್ತು ಎಂದು ತಿಳಿಯಿರಿ. ‘ಒಂದೆರಡಕ್ಕೆ ಏನೂ ಆಗುವುದಿಲ್ಲ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಗೂಗಲ್ ಕ್ರಮ ಕೈಗೊಂಡರೆ ಅದು ತಾಣ ನಡೆಸುವವರಿಗೆ ಗೂಗಲ್ ಒದಗಿಸುವ ಸರ್ಚ್ ಕನ್ಸೋಲ್‌ನ Manual actions ಪುಟದಲ್ಲಿ ಕಾಣುತ್ತದೆ. ಆ ಲಿಂಕ್‌ಗಳನ್ನು ಸರಿಪಡಿಸಿ, ಮರುಪರಿಶೀಲನೆಗೆ ಬೇಡಿಕೆ ಸಲ್ಲಿಸಿ, ಉತ್ತರ ಬರುವವರೆಗೆ ಕಾಯಬೇಕಾಗುತ್ತದೆ. 1,500 ರೂಪಾಯಿಗಾಗಿ ಹೊರಬೇಕಾದ ಹೊರೆ ಇದಲ್ಲ.

ಮಾಧ್ಯಮ ಯೋಜಕಿ (ಬೆಂಗಳೂರು)

ಕಂಪನಿಗಳ ಪರವಾಗಿ ಬ್ಲಾಗ್‌ಗಳಲ್ಲಿ ಜಾಗ ಕೊಳ್ಳುವುದು ನನ್ನ ಉದ್ಯೋಗ. ಆದ್ದರಿಂದ ಆಚೆ ಬದಿಯ ಚಿತ್ರವನ್ನು ಹೇಳುತ್ತೇನೆ. ನಮ್ಮಲ್ಲಿ ಎರಡು ಬಗೆಯ ಬಜೆಟ್‌ಗಳಿರುತ್ತವೆ. ಹುಡುಕಾಟದಲ್ಲಿ ಮೇಲೆ ಬರಲು ಲಿಂಕ್‌ಗಳನ್ನು ಸಗಟಾಗಿ ಕೂಡಿಸುವುದು ಒಂದು. ಜನರಿಗೆ ಉತ್ಪನ್ನವನ್ನು ಪರಿಚಯಿಸುವುದು ಇನ್ನೊಂದು. ತಾರಸಿತೋಟ ಅವರಿಗೆ ಬಂದಿರುವ ಮಿಂಚಂಚೆ ಸ್ಪಷ್ಟವಾಗಿ ಮೊದಲನೆಯ ಬಗೆಯದು. ಸಿದ್ಧ ಲೇಖನ, ಎರಡು ಲಿಂಕ್, ಶಾಶ್ವತ, ಗುರುತು ಬೇಡ ಎಂಬ ಈ ನಾಲ್ಕೂ ಮಾತುಗಳು ಒಟ್ಟಿಗೆ ಬಂದರೆ, ಅದೇ ಮಿಂಚಂಚೆ ಇನ್ನೂ ಹಲವರಿಗೆ ಹೋಗಿದೆಯೆಂದೇ ಅರ್ಥ. ಅಲ್ಲಿ ಬ್ಲಾಗ್‌ಗೆ ತಲುಪುವ ಹಣ ಯಾವಾಗಲೂ ಕಡಿಮೆ, ಏಕೆಂದರೆ ನಡುವೆ ಇಬ್ಬರು ಮೂವರು ಮಧ್ಯವರ್ತಿಗಳು ತಮ್ಮ ಪಾಲನ್ನು ಉಳಿಸಿಕೊಂಡಿರುತ್ತಾರೆ.

ಎರಡನೆಯ ಬಗೆಯ ಬಜೆಟ್ ಇರುವವರು ನೋಫಾಲೋ ಅಥವಾ ಪ್ರಾಯೋಜಿತ ಗುರುತಿನ ಲಿಂಕ್‌ಗೂ ಹಣ ಕೊಡುತ್ತಾರೆ. ನಾನೇ ಕೊಡಿಸಿದ್ದೇನೆ. ಅವರು ಕೇಳುವ ಪ್ರಶ್ನೆಗಳೇ ಬೇರೆ: ನಿಮ್ಮ ಓದುಗರು ಯಾವ ಊರಿನವರು, ಮೊಬೈಲ್‌ನಲ್ಲಿ ಓದುವವರೆಷ್ಟು, ಗೊಬ್ಬರದ ಬಗ್ಗೆ ಹಿಂದೆ ಬರೆದ ಲೇಖನಕ್ಕೆ ಪ್ರತಿಕ್ರಿಯೆ ಹೇಗಿತ್ತು ಎಂಬಂಥವು. ನೀವು ಮಧ್ಯವರ್ತಿಯನ್ನು ಬಿಟ್ಟು ನೇರವಾಗಿ ಆ ಕಂಪನಿಯ ಮಾರಾಟ ವಿಭಾಗಕ್ಕೆ ಬರೆದರೂ ತಪ್ಪಿಲ್ಲ. ಆದರೆ ಮಧ್ಯವರ್ತಿ ಕಂಪನಿಯ ಹೆಸರನ್ನು ತಾವಾಗಿಯೇ ಹೇಳಿದ್ದರೆ, ಅವರಿಗೆ ಮೊದಲು ಇಲ್ಲವೆಂದು ಉತ್ತರಿಸಿ ಆನಂತರ ಬರೆಯುವುದು ಮರ್ಯಾದೆ.

ತಾರಸಿತೋಟ (ಮೈಸೂರು)

ಇಬ್ಬರಿಗೂ ಧನ್ಯವಾದಗಳು. ಗುರುತು ಹಾಕಿಯೇ ಪ್ರಕಟಿಸುವುದೆಂದು ತೀರ್ಮಾನಿಸಿದೆ. ಹಾಗಾದರೆ ಎರಡನೆಯ ಬಗೆಯ ಕಂಪನಿ ಬಂದಾಗ ದರವನ್ನು ಯಾವ ಆಧಾರದ ಮೇಲೆ ಹೇಳುವುದು? ಬಾಯಿಗೆ ಬಂದ ಸಂಖ್ಯೆ ಹೇಳಲು ನನಗೆ ಮನಸ್ಸಿಲ್ಲ.

ಹಳೆಯ ಓದುಗ (ಶಿವಮೊಗ್ಗ)

ದರವನ್ನು ಎರಡು ಭಾಗವಾಗಿ ಕಟ್ಟಿ: ನಿಮ್ಮ ದುಡಿಮೆಯದು ಒಂದು, ನಿಮ್ಮ ಓದುಗರದು ಇನ್ನೊಂದು. ಇವೆರಡನ್ನೂ ಕಲಸಿ ಒಂದೇ ಮೊತ್ತ ಹೇಳಿದರೆ ಚೌಕಾಸಿಯ ಸಮಯದಲ್ಲಿ ಯಾವುದನ್ನು ಬಿಟ್ಟುಕೊಡುತ್ತಿದ್ದೇವೆಂಬುದೇ ತಿಳಿಯುವುದಿಲ್ಲ.

ಮೊದಲು ಓದುಗರ ಲೆಕ್ಕ. ತಿಂಗಳಿಗೆ 9,000 ವೀಕ್ಷಣೆ ಎಂಬುದು ಇಡೀ ಬ್ಲಾಗ್‌ನ ಸಂಖ್ಯೆ. ಕಂಪನಿಗೆ ಸಿಗುವುದು ಒಂದು ಲೇಖನದ ಓದುಗರು ಮಾತ್ರ. ನಿಮ್ಮ ಅಂಕಿಅಂಶದ ಪುಟದಲ್ಲಿ, ಪ್ರಕಟವಾಗಿ ಒಂದು ವರ್ಷ ದಾಟಿರುವ ಏಳೆಂಟು ಲೇಖನಗಳನ್ನು ತೆಗೆದುಕೊಂಡು, ಪ್ರತಿಯೊಂದಕ್ಕೂ ಮೊದಲ ವರ್ಷದಲ್ಲಿ ಎಷ್ಟು ಓದು ಸಿಕ್ಕಿದೆಯೆಂದು ಬರೆದುಕೊಳ್ಳಿ. ಅವನ್ನು ಏರಿಕೆಯ ಕ್ರಮದಲ್ಲಿ ಇಟ್ಟು ನಡುವಿನದನ್ನು ಆರಿಸಿ. ಎಲ್ಲರೂ ಹಂಚಿಕೊಂಡ ಆ ಒಂದು ಲೇಖನದ ಸಂಖ್ಯೆಯನ್ನು ತೋರಿಸಬೇಡಿ, ಸರಾಸರಿಯನ್ನೂ ತೆಗೆಯಬೇಡಿ. ಆ ಒಂದೇ ಲೇಖನ ಸರಾಸರಿಯನ್ನು ಮೇಲಕ್ಕೆಳೆದು, ನೀವು ಪೂರೈಸಲಾಗದ ನಿರೀಕ್ಷೆಯನ್ನು ಹುಟ್ಟಿಸುತ್ತದೆ. ನಡುವಿನ ಸಂಖ್ಯೆ 1,500 ಎಂದು ಇಟ್ಟುಕೊಳ್ಳೋಣ. ಒಬ್ಬ ಓದುಗನಿಗೆ ಎರಡು ರೂಪಾಯಿಯಂತೆ 3,000 ರೂಪಾಯಿ ಆಗುತ್ತದೆ.

ಆಮೇಲೆ ದುಡಿಮೆ. ಲೇಖನವನ್ನು ನೀವೇ ಬರೆಯುವುದಾದರೆ ಗೊಬ್ಬರವನ್ನು ಮೂರು ನಾಲ್ಕು ವಾರ ಕುಂಡಗಳಿಗೆ ಹಾಕಿ ನೋಡಬೇಕು. ಅದೇ ಗಾತ್ರದ, ಗೊಬ್ಬರ ಹಾಕದ ಒಂದೆರಡು ಕುಂಡಗಳನ್ನು ಪಕ್ಕದಲ್ಲಿಟ್ಟು ಹೋಲಿಸಬೇಕು. ಫೋಟೋ ತೆಗೆಯಬೇಕು, ಬರೆಯಬೇಕು, ಕಂಪನಿಯವರು ಹೇಳಿದ ಒಂದು ಸುತ್ತಿನ ತಿದ್ದುಪಡಿಯನ್ನೂ ಮಾಡಬೇಕು. ಇದೆಲ್ಲ ಸೇರಿ 8 ಗಂಟೆಯ ಕೆಲಸವೆಂದೂ, ಗಂಟೆಗೆ 400 ರೂಪಾಯಿಯೆಂದೂ ಇಟ್ಟುಕೊಂಡರೆ 3,200 ರೂಪಾಯಿ. ಎರಡೂ ಸೇರಿ 6,200. ಹೇಳುವಾಗ 7,500 ಎಂದು ಹೇಳಿ, 6,000ಕ್ಕಿಂತ ಕೆಳಗೆ ಇಳಿಯಬೇಡಿ.

ಅವರದೇ ಲೇಖನವಾದರೆ ದುಡಿಮೆಯ ಭಾಗ ಕಡಿಮೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಇಂಗ್ಲಿಷಿನಿಂದ ಯಾಂತ್ರಿಕವಾಗಿ ಕನ್ನಡಕ್ಕೆ ಬಂದ ಬರಹವನ್ನು ನಿಮ್ಮ ಓದುಗರಿಗೆ ಹೊಂದುವಂತೆ ತಿದ್ದಲು ಮೂರು ಗಂಟೆಯಾದರೂ ಬೇಕು. ಆಗ 1,200 ಮತ್ತು 3,000 ಸೇರಿ 4,200 ರೂಪಾಯಿ. ಈಗ ನಿಮಗೆ ಬಂದಿರುವ 1,500ರ ಪಕ್ಕದಲ್ಲಿ ಇದನ್ನಿಟ್ಟು ನೋಡಿ.

ಮಾಧ್ಯಮ ಯೋಜಕಿ (ಬೆಂಗಳೂರು)

ಲೆಕ್ಕದ ರೀತಿ ಚೆನ್ನಾಗಿದೆ. ಆದರೆ ಓದುಗನಿಗೆ ಎರಡು ರೂಪಾಯಿ ಎಂಬುದನ್ನು ನಾನು ಪ್ರಶ್ನಿಸುತ್ತೇನೆ. ಕಂಪನಿಯವರು ಇದನ್ನು ಕ್ಲಿಕ್ಕಿನ ಲೆಕ್ಕದಲ್ಲಿಯೇ ನೋಡುತ್ತಾರೆ. ಗೂಗಲ್ ಆ್ಯಡ್ಸ್‌ನ ಕೀವರ್ಡ್ ಪ್ಲ್ಯಾನರ್‌ನಲ್ಲಿ ‘ಸಾವಯವ ಗೊಬ್ಬರ’ದಂಥ ಪದಕ್ಕೆ ಜಾಹೀರಾತುದಾರರು ಕೊಡುವ ಬೆಲೆಯ ಅಂದಾಜು ಸಿಗುತ್ತದೆ. ಅದು 12 ರೂಪಾಯಿ ಎಂದುಕೊಳ್ಳಿ. ನಿಮ್ಮ 1,500 ಓದುಗರಲ್ಲಿ ನೂರಕ್ಕೆ ಐವರು ಲಿಂಕನ್ನು ಒತ್ತಿದರೆ 75 ಕ್ಲಿಕ್, ಅಂದರೆ 900 ರೂಪಾಯಿಯ ಮೌಲ್ಯ. ಅಷ್ಟು ಮೌಲ್ಯಕ್ಕೆ 3,000 ಏಕೆ ಕೊಡಬೇಕೆಂದು ನನ್ನ ಗ್ರಾಹಕರು ಕೇಳಿದರೆ ನನ್ನ ಬಳಿ ಉತ್ತರವಿರಬೇಕಲ್ಲವೇ?

ಹಳೆಯ ಓದುಗ (ಶಿವಮೊಗ್ಗ)

ಪ್ರಶ್ನೆ ನ್ಯಾಯವಾಗಿದೆ. ಜಾಹೀರಾತನ್ನು ಒತ್ತಿ ಬಂದವರು ಅಂಗಡಿಯ ಪುಟವನ್ನು ಮಾತ್ರ ನೋಡುತ್ತಾರೆ. ಇಲ್ಲಿ ಲಿಂಕ್ ಒತ್ತದ ಉಳಿದ 1,425 ಜನರೂ ಆ ಗೊಬ್ಬರವನ್ನು ಬದನೆ ಗಿಡಕ್ಕೆ ಎಷ್ಟು ಹಿಡಿ ಹಾಕಬೇಕೆಂದು ಓದಿರುತ್ತಾರೆ, ಮುಂದಿನ ಸಲ ನರ್ಸರಿಯಲ್ಲಿ ಆ ಚೀಲವನ್ನು ಕಂಡಾಗ ಗುರುತಿಸುತ್ತಾರೆ. ಆ ಓದಿಗೆ ಬೆಲೆಯಿದೆ. ಆದರೆ ಅದು ಎರಡು ರೂಪಾಯಿಯೋ ಒಂದೂವರೆಯೋ ಎಂಬುದು ಅಂದಾಜೇ ಎಂದು ಒಪ್ಪುತ್ತೇನೆ. ಅದನ್ನು ಪರೀಕ್ಷಿಸುವ ದಾರಿ ಒಂದೇ. ಸತತವಾಗಿ ಎರಡು ಕಂಪನಿಗಳು ಚೌಕಾಸಿಯಿಲ್ಲದೆ ಒಪ್ಪಿದರೆ ನಿಮ್ಮ ದರ ಕಡಿಮೆಯಿದೆ, ಮೂರನೆಯವರಿಗೆ ಏರಿಸಿ. ಎಲ್ಲರೂ ಉತ್ತರವನ್ನೇ ಕೊಡದೆ ಹೋದರೆ ಓದುಗರ ಭಾಗವನ್ನು ಮಾತ್ರ ಇಳಿಸಿ, ದುಡಿಮೆಯ ಭಾಗವನ್ನು ಮುಟ್ಟಬೇಡಿ.

ಮಾಧ್ಯಮ ಯೋಜಕಿ (ಬೆಂಗಳೂರು)

ಗೊಬ್ಬರದ ಚೀಲದ ಮಾತನ್ನು ನನ್ನ ಗ್ರಾಹಕರಿಗೆ ಹೇಳಿ ನೋಡುತ್ತೇನೆ. ಅವರು ಒಪ್ಪುತ್ತಾರೆಂಬ ಭರವಸೆ ನನಗಿಲ್ಲ. ಕ್ಲಿಕ್ಕನ್ನು ವರದಿಯಲ್ಲಿ ತೋರಿಸಬಹುದು, ನೆನಪನ್ನು ತೋರಿಸಲಾಗದು.

ಬರಹಗಾರ (ಹುಬ್ಬಳ್ಳಿ)

ಅತಿಥಿ ಲೇಖನಗಳಿಗೆ ಇಷ್ಟೊಂದು ಹಣ ಸಿಗುತ್ತದೆಂದು ನನಗೆ ತಿಳಿದಿರಲಿಲ್ಲ. ನಾನು ತಿಂಗಳಿಗೆ ಹತ್ತು ಲೇಖನಗಳನ್ನು ಬರೆದುಕೊಡಬಲ್ಲೆ. ಆರೋಗ್ಯ, ಪ್ರವಾಸ, ಅಡುಗೆ, ಯಾವ ವಿಷಯವಾದರೂ ಆದೀತು. ಒಂದಕ್ಕೆ 6,200 ರೂಪಾಯಿ ಕೊಡುವ ಬ್ಲಾಗ್‌ಗಳ ಪಟ್ಟಿ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ತಿಳಿಸಿ.

ದಾವಣಗೆರೆ ಸಂಪಾದಕಿ

ಬರಹಗಾರ ಅವರೇ, ಇಲ್ಲಿ ಮಾತನಾಡುತ್ತಿರುವ 6,200 ರೂಪಾಯಿಯನ್ನು ಕಂಪನಿಯು ಬ್ಲಾಗ್ ನಡೆಸುವವರಿಗೆ ಕೊಡುತ್ತದೆ. ಬ್ಲಾಗ್ ನಡೆಸುವವರು ಲೇಖಕರಿಗೆ ಕೊಡುವ ಸಂಭಾವನೆಯ ಮಾತಲ್ಲ ಇದು. ಅತಿಥಿ ಲೇಖನದಲ್ಲಿ ಸಾಮಾನ್ಯವಾಗಿ ಯಾರೂ ಯಾರಿಗೂ ಹಣ ಕೊಡುವುದಿಲ್ಲ. ಲೇಖಕರಿಗೆ ಹೊಸ ಓದುಗರು ಸಿಗುತ್ತಾರೆ, ಬ್ಲಾಗ್‌ಗೆ ಒಳ್ಳೆಯ ಲೇಖನ ಸಿಗುತ್ತದೆ. ಸಂಭಾವನೆ ಕೊಡುವ ತಾಣಗಳೂ ಇವೆ. ಆದರೆ ಅವು ಹುಡುಕುವುದು ಒಂದು ವಿಷಯವನ್ನು ಬಲ್ಲವರನ್ನು. ‘ಯಾವ ವಿಷಯವಾದರೂ ಆದೀತು’ ಎಂದು ಬರೆದವರಿಗೆ ಕೆಲಸ ಸಿಗುವುದು ಕಷ್ಟ.

ನಾನು ಒಂದು ಕೃಷಿ ಬ್ಲಾಗ್‌ನ ಸಂಪಾದನೆ ಮಾಡುತ್ತೇನೆ. ಆದ್ದರಿಂದ ತಾರಸಿತೋಟ ಅವರ ಎರಡನೆಯ ಪ್ರಶ್ನೆಗೆ ನಾನು ಉತ್ತರಿಸಬಹುದು. ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ‘ನಿಮ್ಮ ಬ್ಲಾಗ್ ತುಂಬಾ ಚೆನ್ನಾಗಿದೆ, ನಿಮ್ಮ ಓದುಗರಿಗೆ ಉಪಯುಕ್ತವಾದ ಲೇಖನವೊಂದನ್ನು ಬರೆಯಲು ಅವಕಾಶ ಕೊಡಿ’ ಎಂದು ಶುರುವಾಗಿ ಅಲ್ಲಿಯೇ ಮುಗಿಯುತ್ತವೆ. ಅದಕ್ಕೆ ಉತ್ತರಿಸಬೇಕಾದರೆ ಯಾವ ಲೇಖನವೆಂದು ನಾನೇ ಯೋಚಿಸಬೇಕು. ಇನ್ನು ಕೆಲವರು ಪೂರ್ತಿ ಲೇಖನವನ್ನೇ ಲಗತ್ತಿಸಿ ಕಳುಹಿಸುತ್ತಾರೆ. ಅದನ್ನು ಬೇರೆ ಎಷ್ಟು ಕಡೆಗೆ ಕಳುಹಿಸಿದ್ದಾರೋ ತಿಳಿಯದ ಕಾರಣ ನಾನು ತೆರೆಯುವುದೇ ಇಲ್ಲ.

ನಾನು ಒಪ್ಪುವ ಪತ್ರದಲ್ಲಿ ಒಂದು ವಿಷಯ ಇದ್ದೇ ಇರುತ್ತದೆ: ನಮ್ಮ ಬ್ಲಾಗ್‌ನಲ್ಲಿ ಉತ್ತರ ಸಿಗದೆ ಉಳಿದ ಒಂದು ಪ್ರಶ್ನೆ. ಅದು ಸಿಗುವುದು ಲೇಖನಗಳ ಕೆಳಗಿನ ಪ್ರತಿಕ್ರಿಯೆಗಳಲ್ಲಿ. ನೀವು ಬರೆಯಬೇಕೆಂದಿರುವ ಬ್ಲಾಗ್‌ನ ಹೆಚ್ಚು ಓದಿಸಿಕೊಂಡ ಲೇಖನಗಳನ್ನು ತೆರೆದು, ಓದುಗರು ಕೇಳಿ ಯಾರೂ ಉತ್ತರಿಸದ ಪ್ರಶ್ನೆಯನ್ನು ಹುಡುಕಿ. ಜೊತೆಗೆ ಗೂಗಲ್‌ನಲ್ಲಿ `site:` ಎಂದು ಬರೆದು ಆ ಬ್ಲಾಗ್‌ನ ವಿಳಾಸವನ್ನೂ ನಿಮ್ಮ ವಿಷಯವನ್ನೂ ಸೇರಿಸಿ ಹುಡುಕಿದರೆ, ಅದರ ಬಗ್ಗೆ ಅವರು ಈಗಾಗಲೇ ಬರೆದಿದ್ದಾರೆಯೇ ಎಂಬುದು ತಿಳಿಯುತ್ತದೆ.

ತಾರಸಿತೋಟ (ಮೈಸೂರು)

ನೀವು ಹೇಳಿದಂತೆ ನೋಡಿದೆ. ಆ ಕೃಷಿ ಬ್ಲಾಗ್‌ನಲ್ಲಿ ನಿಂಬೆ ಕೃಷಿಯ ಲೇಖನದ ಕೆಳಗೆ ಮೂವರು ಒಂದೇ ಪ್ರಶ್ನೆ ಕೇಳಿದ್ದಾರೆ: ಕುಂಡದಲ್ಲಿ ಬೆಳೆಸಿದ ನಿಂಬೆಗಿಡ ಹೂವು ಬಿಟ್ಟರೂ ಕಾಯಿ ಕಟ್ಟದೆ ಏಕೆ ಉದುರುತ್ತದೆ? ಉತ್ತರವಿಲ್ಲ. ನನ್ನ ತಾರಸಿಯಲ್ಲಿ ಡ್ರಮ್ಮಿನಲ್ಲಿಟ್ಟ ನಿಂಬೆಗಿಡಗಳಿವೆ. ಆದ್ದರಿಂದ ಹೀಗೆ ಬರೆಯೋಣವೆಂದಿದ್ದೇನೆ. ದಯವಿಟ್ಟು ತಿದ್ದಿ.

‘ವಿಷಯ: ಅತಿಥಿ ಲೇಖನಕ್ಕೆ ಪ್ರಸ್ತಾವ: ಕುಂಡದ ನಿಂಬೆಗಿಡದಲ್ಲಿ ಹೂವು ಉದುರುವುದೇಕೆ?

ಮಾನ್ಯರೇ, ನಿಮ್ಮ ನಿಂಬೆ ಕೃಷಿಯ ಲೇಖನದ ಕೆಳಗೆ ಮೂವರು ಓದುಗರು ಕುಂಡದ ಗಿಡದಲ್ಲಿ ಹೂವು ಉದುರುವುದರ ಬಗ್ಗೆ ಕೇಳಿದ್ದಾರೆ. ಮೈಸೂರಿನ ನನ್ನ ತಾರಸಿಯಲ್ಲಿ ನಿಂಬೆಯನ್ನು ಡ್ರಮ್ಮಿನಲ್ಲಿ ಬೆಳೆಸುತ್ತಿದ್ದೇನೆ. ಈ ಪ್ರಶ್ನೆಗೆ ಸುಮಾರು 900 ಪದಗಳ ಲೇಖನ ಬರೆಯಬಲ್ಲೆ. ನೀರು ಒಂದು ದಿನ ಹೆಚ್ಚು, ಒಂದು ದಿನ ಕಡಿಮೆಯಾಗುವುದರಿಂದ ಏನಾಗುತ್ತದೆ, ಸಾರಜನಕ ಹೆಚ್ಚಾದಾಗ ಎಲೆ ಸೊಂಪಾಗಿ ಬೆಳೆದು ಹೂವು ಹೇಗೆ ಉಳಿಯುವುದಿಲ್ಲ, ಸಹಜವಾದ ಉದುರುವಿಕೆಯನ್ನು ತೊಂದರೆಯಿಂದ ಬೇರ್ಪಡಿಸಿ ಗುರುತಿಸುವುದು ಹೇಗೆ ಎಂಬುದನ್ನು ನನ್ನದೇ ಫೋಟೋಗಳೊಂದಿಗೆ ವಿವರಿಸುತ್ತೇನೆ. ಲೇಖನವನ್ನು ಬೇರೆಲ್ಲಿಯೂ ಪ್ರಕಟಿಸುವುದಿಲ್ಲ. ಕೊನೆಯಲ್ಲಿ ನನ್ನ ಪರಿಚಯದ ಒಂದು ಸಾಲು ಮತ್ತು ನನ್ನ ಬ್ಲಾಗ್‌ಗೆ ಒಂದು ಲಿಂಕ್ ಇದ್ದರೆ ಸಾಕು. ನನ್ನ ಬರವಣಿಗೆಯ ಮಾದರಿಯಾಗಿ ಎರಡು ಲೇಖನಗಳ ವಿಳಾಸಗಳನ್ನು ಕೆಳಗೆ ಕೊಟ್ಟಿದ್ದೇನೆ.’

ದಾವಣಗೆರೆ ಸಂಪಾದಕಿ

ಇದು ನನಗೆ ಬಂದಿದ್ದರೆ ಅಂದೇ ಒಪ್ಪುತ್ತಿದ್ದೆ. ಎರಡು ಸಣ್ಣ ತಿದ್ದುಪಡಿಗಳು ಸಾಕು. ‘ಮಾನ್ಯರೇ’ ಎನ್ನುವ ಬದಲು, ಅವರ ಪರಿಚಯ ಪುಟದಲ್ಲಿ ಹೆಸರಿದ್ದರೆ ಆ ಹೆಸರಿಗೇ ಬರೆಯಿರಿ. ಲೇಖನವನ್ನು ಯಾವ ದಿನದೊಳಗೆ ಕೊಡುವಿರೆಂಬುದನ್ನೂ ಸೇರಿಸಿ, ಏಕೆಂದರೆ ಒಪ್ಪಿದ ಮೇಲೆ ತಿಂಗಳುಗಟ್ಟಲೆ ಕಾಯಿಸುವ ಅತಿಥಿಗಳೇ ನಮಗೆ ದೊಡ್ಡ ತೊಂದರೆ. ಉತ್ತರ ಬಾರದಿದ್ದರೆ ವಾರದ ನಂತರ ಎರಡು ಸಾಲಿನಲ್ಲಿ ಒಮ್ಮೆ ನೆನಪಿಸಿ. ಅದಕ್ಕೂ ಉತ್ತರವಿಲ್ಲದಿದ್ದರೆ ಅದೇ ಲೇಖನವನ್ನು ಬೇರೊಬ್ಬರಿಗೆ ಪ್ರಸ್ತಾಪಿಸಬಹುದು.

ಕೀಲಿಮಣೆ (ಉಡುಪಿ)

ಒಂದು ಸಂದೇಹ. ಪ್ರಾಯೋಜಿತ ಲಿಂಕ್‌ಗೆ ಗುರುತು ಬೇಕೆಂಬುದನ್ನು ಒಪ್ಪಿದೆ. ಹಣವೇ ಇಲ್ಲದ ಅತಿಥಿ ಲೇಖನದ ಪರಿಚಯ ಸಾಲಿನ ಲಿಂಕ್‌ಗೂ ಬೇಕೇ? ಬೇಕಾಗಿಲ್ಲವೆಂದು ನಾನು ತಿಳಿದಿದ್ದೇನೆ. ಹಾಗಾದರೆ ಐವತ್ತು ಬ್ಲಾಗ್‌ಗಳಿಗೆ ಅತಿಥಿ ಲೇಖನ ಬರೆದು ಎಲ್ಲ ಕಡೆಯೂ ಲಿಂಕ್ ಪಡೆಯಬಹುದಲ್ಲವೇ?

ಹಳೆಯ ಓದುಗ (ಶಿವಮೊಗ್ಗ)

ಸಂಪಾದಕರು ಲೇಖನವನ್ನು ಓದಿ, ಮೆಚ್ಚಿ ಪ್ರಕಟಿಸಿದಾಗ ಲೇಖಕಿಯ ಹೆಸರಿಗೆ ಅವರ ಬ್ಲಾಗ್‌ನ ಲಿಂಕ್ ಇರುವುದು ಸಹಜ. ಅದಕ್ಕೆ ಗುರುತು ಹಾಕುವುದು ಬಿಡುವುದು ಸಂಪಾದಕರ ಇಷ್ಟ. ಹಾಕಿದರೂ ಬೇಸರ ಪಡಬಾರದು, ಏಕೆಂದರೆ ಓದುಗರು ಬರುವುದು ನಿಲ್ಲುವುದಿಲ್ಲ. ಐವತ್ತು ಕಡೆ ಲಿಂಕ್‌ಗಾಗಿಯೇ ಬರೆಯುವುದು ಬೇರೆ ಮಾತು. ಅತಿಥಿ ಲೇಖನಗಳನ್ನು ಲಿಂಕ್ ಕೂಡಿಸುವ ಉಪಾಯವಾಗಿ ಬಳಸುವ ಕಾಲ ಮುಗಿಯಿತೆಂದು, ಆಗ ಗೂಗಲ್‌ನ ವೆಬ್‌ಸ್ಪ್ಯಾಮ್ ತಂಡದ ಮುಖ್ಯಸ್ಥರಾಗಿದ್ದ ಮ್ಯಾಟ್ ಕಟ್ಸ್ 2014ರ ಜನವರಿಯಲ್ಲಿಯೇ ಬರೆದಿದ್ದರು. ‘ಅಗ್ಗದ ಸಾವಯವ ಗೊಬ್ಬರ’ ಎಂಬಂಥ ಮಾರಾಟದ ಪದಗಳ ಮೇಲೆ ಲಿಂಕ್ ಹಾಕಿ ಅತಿಥಿ ಲೇಖನಗಳನ್ನು ದೊಡ್ಡ ಪ್ರಮಾಣದಲ್ಲಿ ಹಂಚುವುದು ಇಂದಿಗೂ ಗೂಗಲ್‌ನ ನಿಯಮಗಳಲ್ಲಿ ಲಿಂಕ್ ಸ್ಪ್ಯಾಮ್ ಎಂದೇ ಇದೆ. ಬ್ಲಾಗ್‌ನ ಅಥವಾ ಲೇಖಕಿಯ ಹೆಸರಿನ ಮೇಲೆ ಲಿಂಕ್ ಇದ್ದರೆ ಆ ಅನುಮಾನವೇ ಹುಟ್ಟುವುದಿಲ್ಲ.

ಘಟ್ಟದ ದಾರಿ (ಸಕಲೇಶಪುರ)

ದರದ ಚರ್ಚೆಯಲ್ಲಿ ‘ಶಾಶ್ವತ’ ಎಂಬ ಷರತ್ತಿನ ಬಗ್ಗೆ ಯಾರೂ ಹೇಳಲಿಲ್ಲ. ನನ್ನದು ಪ್ರವಾಸದ ಬ್ಲಾಗ್. ಒಂದು ಕಂಪನಿಯ ಲೇಖನವನ್ನು ಶಾಶ್ವತವಾಗಿ ಇಡುವ ಮಾತಿನ ಮೇಲೆ ಪ್ರಕಟಿಸಿದ್ದೆ. ಆಮೇಲೆ ಬ್ಲಾಗನ್ನು ಹೊಸ ವಿಳಾಸಕ್ಕೆ ಬದಲಾಯಿಸಿದಾಗ, ಹಳೆಯ ಪುಟದಿಂದ ಹೊಸ ಪುಟಕ್ಕೆ ಸರಿಯಾಗಿ ದಾರಿ ಮಾಡಿಕೊಟ್ಟಿದ್ದರೂ, ‘ಪುಟದ ವಿಳಾಸ ಬದಲಾಗಿದೆ, ಹಣ ಹಿಂದಿರುಗಿಸಿ’ ಎಂದು ಪಟ್ಟು ಹಿಡಿದರು. ಕೊನೆಗೆ ಅರ್ಧ ಹಣ ವಾಪಸು ಕೊಟ್ಟು ಮುಗಿಸಬೇಕಾಯಿತು. ಈಗ ನಾನು ಹನ್ನೆರಡು ತಿಂಗಳು ಎಂದೇ ಬರೆಯುತ್ತೇನೆ. ಮುಂದುವರಿಸಬೇಕಾದರೆ ಮೊದಲಿನ ದರದ ಮೂರರಲ್ಲೊಂದು ಭಾಗ ಕೊಡಬೇಕು.

ನನ್ನದೊಂದು ಪ್ರಶ್ನೆಯೂ ಇದೆ. ನನಗೆ ಹಣಕ್ಕಿಂತ ಹೆಚ್ಚಾಗಿ ಹೋಂಸ್ಟೇಗಳಲ್ಲಿ ಎರಡು ದಿನದ ಉಚಿತ ವಾಸ ಸಿಗುತ್ತದೆ. ಅದನ್ನೂ ಓದುಗರಿಗೆ ಹೇಳಬೇಕೇ? ಹಣವನ್ನು ಮುಟ್ಟಿಲ್ಲವಲ್ಲ.

ಮಾಧ್ಯಮ ಯೋಜಕಿ (ಬೆಂಗಳೂರು)

ಹೇಳಲೇಬೇಕು. ಭಾರತೀಯ ಜಾಹೀರಾತು ಮಾನದಂಡ ಮಂಡಳಿಯ 2021ರ ಮಾರ್ಗಸೂಚಿಯಲ್ಲಿಯೂ, ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಸೂಚನೆಯಲ್ಲಿಯೂ ಹಣವಷ್ಟೇ ಅಲ್ಲದೆ ಉಚಿತ ವಸ್ತು, ಉಡುಗೊರೆ, ಪ್ರವಾಸ, ವಾಸ್ತವ್ಯಗಳನ್ನೂ ಬಹಿರಂಗಪಡಿಸಬೇಕಾದ ಸಂಬಂಧವೆಂದೇ ಎಣಿಸಲಾಗಿದೆ. ‘ಪ್ರಾಯೋಜಿತ’ ಅಥವಾ ‘ಜಾಹೀರಾತು’ ಎಂಬ ಪದ ಲೇಖನದ ಮೇಲ್ಭಾಗದಲ್ಲಿ, ಶೀರ್ಷಿಕೆಯ ಹತ್ತಿರ ಇರಲಿ. ಕನ್ನಡ ಲೇಖನಕ್ಕೆ ಕನ್ನಡದಲ್ಲಿಯೇ ಇರಲಿ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಸಣ್ಣ ಬ್ಲಾಗ್‌ಗಳ ಮೇಲೆ ಅಂಥ ಕ್ರಮ ಆಗುತ್ತದೆಯೆಂದು ಹೆದರಿಸಲು ಇದನ್ನು ಹೇಳುತ್ತಿಲ್ಲ. ‘ಗುರುತು ಬೇಡ’ ಎಂದು ಕೇಳುವ ಮಧ್ಯವರ್ತಿಗೆ ಏಕೆ ಆಗದೆಂದು ತಿಳಿಸಲು ಈ ಒಂದು ಸಾಲು ಸಾಕು.

ಹನ್ನೆರಡು ತಿಂಗಳ ಷರತ್ತನ್ನು ಮಾತ್ರ ನಾನು ಒಪ್ಪಲಾರೆ. ವರ್ಷದ ಮೇಲೆ ಲೇಖನ ಕಾಣದಂತಾಗುತ್ತದೆಂದರೆ ನನ್ನ ಗ್ರಾಹಕರು ಆ ಬ್ಲಾಗನ್ನೇ ಕೈಬಿಡುತ್ತಾರೆ.

ದಾವಣಗೆರೆ ಸಂಪಾದಕಿ

ಲೇಖನವನ್ನು ಅಳಿಸುವುದನ್ನು ನಾನೂ ಇಷ್ಟಪಡುವುದಿಲ್ಲ. ಓದುಗರು ಉಳಿಸಿಕೊಂಡ ಪುಟ ಇದ್ದಕ್ಕಿದ್ದಂತೆ ಇಲ್ಲವಾಗಬಾರದು. ಆದರೆ ಬ್ಲಾಗ್ ಎಷ್ಟು ಕಾಲ ನಡೆಯುತ್ತದೆಂದು ನಮಗೇ ತಿಳಿಯದಿರುವಾಗ ಶಾಶ್ವತವೆಂಬ ಮಾತು ಕೊಡುವುದೂ ಸರಿಯಲ್ಲ. ‘ಕನಿಷ್ಠ ಹನ್ನೆರಡು ತಿಂಗಳು ಉಳಿಸುತ್ತೇನೆ, ಆಮೇಲೆ ಬ್ಲಾಗ್ ಇರುವವರೆಗೆ ತೆಗೆಯುವ ಉದ್ದೇಶವಿಲ್ಲ’ ಎಂದು ನಾನು ಬರೆಯುತ್ತೇನೆ. ಕೆಲವರು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ.

ತಾರಸಿತೋಟ (ಮೈಸೂರು)

ಮಧ್ಯವರ್ತಿಗೆ ಹೀಗೆ ಬರೆದೆ: ‘ಲೇಖನವನ್ನು ನಾನೇ ಗೊಬ್ಬರ ಬಳಸಿ ನೋಡಿ ಬರೆಯುತ್ತೇನೆ. ಮೇಲ್ಭಾಗದಲ್ಲಿ ಪ್ರಾಯೋಜಿತ ಎಂದಿರುತ್ತದೆ. ಲಿಂಕ್ ಒಂದೇ, ಅದಕ್ಕೆ ಪ್ರಾಯೋಜಿತ ಗುರುತು ಇರುತ್ತದೆ. ಕನಿಷ್ಠ ಹನ್ನೆರಡು ತಿಂಗಳು ಉಳಿಯುತ್ತದೆ. ಗೊಬ್ಬರದಿಂದ ಗಿಡಕ್ಕೆ ತೊಂದರೆ ಕಂಡುಬಂದರೆ ಅದನ್ನೂ ಬರೆಯುತ್ತೇನೆ. ದರ 7,500 ರೂಪಾಯಿ. ಅರ್ಧ ಮುಂಗಡ, ಉಳಿದದ್ದು ಪ್ರಕಟವಾದ ಏಳು ದಿನಗಳೊಳಗೆ.’ ಅವರು ಒಂದೇ ಸಾಲಿನಲ್ಲಿ ಬೇಡವೆಂದು ಉತ್ತರಿಸಿದರು. ನೀವು ಹೇಳಿದಂತೆ ಆನಂತರ ನೇರವಾಗಿ ಕಂಪನಿಗೇ ಬರೆದೆ. ಅವರ ಮಾರಾಟ ವಿಭಾಗದವರು ಫೋನ್ ಮಾಡಿ, ಲಿಂಕ್‌ನ ಬಗ್ಗೆ ಏನೂ ಕೇಳದೆ, ತೊಂದರೆ ಕಂಡರೆ ಬರೆಯುತ್ತೇನೆಂಬ ಸಾಲನ್ನು ತೆಗೆಯಲು ಸಾಧ್ಯವೇ ಎಂದು ಕೇಳಿದ್ದಾರೆ. 6,000ಕ್ಕೆ ಸಿದ್ಧರಿದ್ದಾರೆ. ಆ ಸಾಲನ್ನು ನಾನು ತೆಗೆಯುವುದಿಲ್ಲ. ಬೇರೆ ದಾರಿಯಿದೆಯೇ?

ದಾವಣಗೆರೆ ಸಂಪಾದಕಿ

ಒಂದು ದಾರಿ ಇದೆ. ಪರೀಕ್ಷೆಯ ಫಲಿತಾಂಶ ಚೆನ್ನಾಗಿಲ್ಲದಿದ್ದರೆ ಬರೆಯುವ ಮೊದಲೇ ಅವರಿಗೆ ತಿಳಿಸಿ, ಲೇಖನವನ್ನು ಕೈಬಿಡುವ ಆಯ್ಕೆಯನ್ನು ಅವರಿಗೂ ಕೊಡಿ. ಆಗ ಮುಂಗಡ ಹಣ ನಿಮ್ಮ ದುಡಿಮೆಗೆ ಸಲ್ಲುತ್ತದೆ, ಹಿಂದಿರುಗಿಸುವ ಪ್ರಶ್ನೆಯಿಲ್ಲ. ಪ್ರಕಟಿಸುವುದಾದರೆ ಮಾತ್ರ ಕಂಡದ್ದನ್ನು ಕಂಡಂತೆ ಬರೆಯುವ ಹಕ್ಕು ನಿಮ್ಮದು. ಇದನ್ನು ಫೋನಿನಲ್ಲಿ ಮುಗಿಸದೆ ಮಿಂಚಂಚೆಯಲ್ಲಿ ಬರೆಯಿಸಿಕೊಳ್ಳಿ.

ಹಳೆಯ ಓದುಗ (ಶಿವಮೊಗ್ಗ)

ಸಂಪಾದಕಿಯವರ ಸಲಹೆಯಲ್ಲಿ ನನಗೆ ಪೂರ್ತಿ ಸಮಾಧಾನವಿಲ್ಲ. ಕೆಟ್ಟ ಫಲಿತಾಂಶ ಬಂದ ಗೊಬ್ಬರಗಳೆಲ್ಲ ಮೌನವಾಗಿ ಹಿಂದೆ ಸರಿದರೆ, ಓದುಗರಿಗೆ ಒಳ್ಳೆಯವು ಮಾತ್ರ ಕಾಣುತ್ತವೆ. ಆದರೂ ಆ ಸಾಲನ್ನೇ ತೆಗೆದುಹಾಕುವುದಕ್ಕಿಂತ ಇದು ಮೇಲು.

ಒಪ್ಪಂದದ ಮಿಂಚಂಚೆಯಲ್ಲಿ ಇನ್ನೊಂದು ಸಾಲನ್ನು ಸೇರಿಸಿ: ಲಿಂಕ್ ಮುಂದೆ ಬೇರೊಂದು ವ್ಯವಹಾರದ ಪುಟಕ್ಕೆ ಹೋಗುವಂತಾದರೆ ಅದನ್ನು ತಿಳಿಸದೆಯೇ ತೆಗೆಯುವ ಅಧಿಕಾರ ನಿಮಗಿರುತ್ತದೆ. ಸಣ್ಣ ಅಂಗಡಿಗಳು ಮುಚ್ಚಿದಾಗ ಅವುಗಳ ಡೊಮೇನ್ ಅವಧಿ ಮುಗಿದು ಬೇರೆಯವರ ಕೈ ಸೇರುತ್ತದೆ. ಗೊಬ್ಬರದ ಲಿಂಕ್ ಬೆಟ್ಟಿಂಗ್ ತಾಣವನ್ನು ತೆರೆಯುವುದು ಹೀಗೆಯೇ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಮೇಲಂತೂ, ಅಂಥ ಲಿಂಕ್ ನಿಮ್ಮ ಪುಟದಲ್ಲಿ ಒಂದು ದಿನವೂ ಉಳಿಯಬಾರದು. ಮೂರು ತಿಂಗಳಿಗೊಮ್ಮೆ ಪ್ರತಿ ಪ್ರಾಯೋಜಿತ ಲೇಖನದ ಲಿಂಕನ್ನೂ ಒತ್ತಿ, ಅದು ಎಲ್ಲಿಗೆ ಹೋಗುತ್ತದೆಂದು ನೋಡಿಕೊಳ್ಳಿ.